ಆಟಿ ಕಳೆಯುವವರೆಗೆ ಕಾದ ಫ್ಲ್ಯಾಟ್

ಜೂನ್ ತಿಂಗಳ ಮೊದಲ ಭಾನುವಾರ ರಾತ್ರಿ ಒಬ್ಬರು ಇನ್‌ಸ್ಟಾಗ್ರಾಮ್‌ನಲ್ಲಿ ನಮ್ಮ ಜಾಹೀರಾತಿನ ಫಾರ್ಮ್ ತುಂಬಿದರು. ಮಂಗಳೂರಿನ ಕಾವೂರಿನ ಹತ್ತಿರ ಕಟ್ಟುತ್ತಿರುವ 28 ಮನೆಗಳ ಅಪಾರ್ಟ್‌ಮೆಂಟ್ ಅದು. ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ 68 ಲಕ್ಷ. ಸೋಮವಾರ ಬೆಳಿಗ್ಗೆ ಬಿಲ್ಡರ್ ಆಫೀಸಿನ ಹುಡುಗಿ ಆ ನಂಬರಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಮಂಗಳವಾರವೂ ಸ್ವಿಚ್ ಆಫ್, ಬುಧವಾರವೂ ಅಷ್ಟೇ. ಶೀಟಿನಲ್ಲಿ ಆ ಹೆಸರಿನ ಎದುರು ‘ಎನ್‌ಆರ್’ ಅಂತ ಬರೆದು ಮುಂದಿನ ಹೆಸರಿಗೆ ಹೋದಳು. ನಾಟ್ ರೀಚಬಲ್ ಅನ್ನುವುದಕ್ಕೆ ಎನ್‌ಆರ್.

ಹನ್ನೊಂದು ವಾರ ಕಳೆದ ಮೇಲೆ ಅದೇ ವ್ಯಕ್ತಿ ಮೂರನೇ ಮಾಳಿಗೆಯ ಫ್ಲ್ಯಾಟ್ ಬುಕ್ ಮಾಡಿದರು.

ನಾನು ಮಂಗಳೂರು, ಉಡುಪಿ ಕಡೆಯ ಬಿಲ್ಡರ್‌ಗಳಿಗೆ, ಕಾರ್ ಶೋರೂಮ್‌ಗಳಿಗೆ ಸೋಷಿಯಲ್ ಮೀಡಿಯಾ ಜಾಹೀರಾತು ನೋಡಿಕೊಳ್ಳುತ್ತೇನೆ. ಇಲ್ಲಿ ಹೇಳುವ ಗಿರಾಕಿ ನಿಜದಲ್ಲಿ ಒಬ್ಬರಲ್ಲ. ಯಾರ ಮನೆ ವಿಷಯ ಅಂತ ಗೊತ್ತಾಗಬಾರದಲ್ವಾ, ಅದಕ್ಕೆ ಎರಡು ಮೂರು ಮನೆಯವರ ಕತೆಯನ್ನು ಒಂದಾಗಿಸಿ, ಜಾಗ ಮತ್ತು ಲೆಕ್ಕವನ್ನು ಸ್ವಲ್ಪ ಬದಲಿಸಿ ಬರೆಯುತ್ತಿದ್ದೇನೆ. ಆದರೆ ಆ ಹನ್ನೊಂದು ವಾರಗಳಲ್ಲಿ ಏನೇನಾಯಿತು ಅನ್ನುವುದನ್ನು ಬಿಡಿಸಿ ಹೇಳಬೇಕು. ಈಗ ನಮ್ಮ ಊರಿನ ಬಿಲ್ಡರ್‌ಗಳೆಲ್ಲ ಒಂದೇ ಮಾತು ಹೇಳುತ್ತಾರೆ: "ಲೀಡ್ ಬರ್ತದೆ ಮಾರಾಯ್ರೆ, ಗಿರಾಕಿ ಬರುವುದಿಲ್ಲ." ಲೀಡ್ ಅಂದರೆ ಫಾರ್ಮ್ ತುಂಬಿ ನಂಬರ್ ಕೊಟ್ಟವರು. ಗಿರಾಕಿ ಬಂದಿರುತ್ತಾರೆ. ಅವರು ಮನಸ್ಸು ಮಾಡುವ ಮೊದಲೇ ನಾವು ಅವರ ಹೆಸರಿಗೆ ಗೆರೆ ಎಳೆದಿರುತ್ತೇವೆ.

ಆಪ್‌ನ ಲೆಕ್ಕ ಏಳು ದಿನದ್ದು

ಚೂಡಿದಾರ್ ಆಗಲಿ, ಮಿಕ್ಸಿ ಆಗಲಿ, ಜಾಹೀರಾತು ನೋಡಿದ ದಿನವೋ ಮರುದಿನವೋ ತೆಗೆದುಕೊಳ್ಳುತ್ತಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜಾಹೀರಾತಿನ ಲೆಕ್ಕವೆಲ್ಲ ಅಂಥ ವ್ಯಾಪಾರಕ್ಕೆ ಹೊಂದುವ ಹಾಗಿದೆ. ನೀವಾಗಿ ಬದಲಿಸದಿದ್ದರೆ, ಜಾಹೀರಾತನ್ನು ಒತ್ತಿದ ಏಳು ದಿನಗಳೊಳಗೆ, ಇಲ್ಲವೇ ಸುಮ್ನೆ ನೋಡಿದ ಒಂದು ದಿನದೊಳಗೆ ನಡೆದದ್ದನ್ನು ಮಾತ್ರ ಅದು ಜಾಹೀರಾತಿನ ಖಾತೆಗೆ ಹಾಕುತ್ತದೆ. ಜೂನ್‌ನಲ್ಲಿ ಒತ್ತಿದವರು ಆಗಸ್ಟ್‌ನಲ್ಲಿ ಮನೆ ಕೊಂಡರೆ ಆ ಜಾಹೀರಾತಿನ ಹೆಸರಿನಲ್ಲಿ ಬರುವುದು ಸೊನ್ನೆ.

ಇನ್ನೊಂದು ಸಂಗತಿ ಇದೆ. ಯಾರಿಗೆ ಜಾಹೀರಾತು ತೋರಿಸಬೇಕು ಅಂತ ಆ ಸಿಸ್ಟಮ್ ತಾನೇ ಕಲಿಯುತ್ತಾ ಹೋಗುತ್ತದೆ. ಸರಿಯಾಗಿ ಕಲಿಯಲು ಅದಕ್ಕೆ ವಾರಕ್ಕೆ ಸುಮಾರು 50 ಫಲಿತಾಂಶ ಬೇಕು. ಇಪ್ಪತ್ತೆಂಟೇ ಫ್ಲ್ಯಾಟ್ ಇರುವವನು ವಾರಕ್ಕೆ 50 ಬುಕಿಂಗ್ ಎಲ್ಲಿಂದ ತರುವುದು? ಹಾಗಾಗಿ ಎಲ್ಲರೂ ಫಾರ್ಮ್ ತುಂಬುವುದನ್ನೇ ಫಲಿತಾಂಶ ಅಂತ ಕೊಡುತ್ತೇವೆ. ಸಿಸ್ಟಮ್ ಹೇಳಿದ ಕೆಲಸವನ್ನು ಸರಿಯಾಗಿಯೇ ಮಾಡುತ್ತದೆ: ಫಾರ್ಮ್ ತುಂಬುವ ಅಭ್ಯಾಸ ಇರುವವರನ್ನು ಹುಡುಕಿ ತರುತ್ತದೆ. ಮನೆ ಕೊಳ್ಳುವವರನ್ನು ಹುಡುಕು ಅಂತ ನಾವು ಹೇಳಿಯೇ ಇರುವುದಿಲ್ಲ.

ಕಾವೂರಿನ ಕಟ್ಟಡಕ್ಕೆ ಎರಡು ವಿಡಿಯೋ ಓಡಿಸಿದ್ದೆವು. ಒಂದರಲ್ಲಿ ಹಾಡು, ಡ್ರೋನ್ ಶಾಟ್, "ಬರೀ 25 ಸಾವಿರಕ್ಕೆ ಬುಕ್ ಮಾಡಿ" ಅನ್ನುವ ಮಾತು. ಇನ್ನೊಂದರಲ್ಲಿ ಸೈಟ್ ಇಂಜಿನಿಯರ್ ಬಾತ್‌ರೂಮಿನ ನೆಲದ ಮೇಲೆ ನಿಂತು, ಟೈಲ್ಸ್ ಹಾಕುವ ಮೊದಲು ನೀರು ನಿಲ್ಲಿಸಿ ಸೋರುತ್ತದಾ ಅಂತ ಹೇಗೆ ಪರೀಕ್ಷೆ ಮಾಡುತ್ತೇವೆ ಅಂತ ತೋರಿಸುತ್ತಾರೆ. ಮೊದಲನೆಯದಕ್ಕೆ 110 ಜನ ಫಾರ್ಮ್ ತುಂಬಿದರು, ಒಂದಕ್ಕೆ 180 ರೂಪಾಯಿ ಖರ್ಚು. ಎರಡನೆಯದಕ್ಕೆ 22 ಜನ, ಒಂದಕ್ಕೆ 640. ಎರಡು ವಾರಕ್ಕೆ ಬಿಲ್ಡರ್ ಫೋನ್ ಮಾಡಿ, "ಆ ಬಾತ್‌ರೂಮಿನದ್ದು ನಿಲ್ಲಿಸಿ, ದುಡ್ಡು ದಂಡ" ಅಂದರು. ನಾನೂ ನಿಲ್ಲಿಸಿದೆ. ಅದು ನನ್ನ ತಪ್ಪು.

ಯಾಕೆಂದರೆ ಎಂಟನೇ ವಾರದಲ್ಲಿ ಶೀಟ್ ತೆಗೆದು, ಯಾರು ಸೈಟಿಗೆ ಬಂದಿದ್ದಾರೆ ಅಂತ ಎಣಿಸಿದಾಗ ಚಿತ್ರ ಬೇರೆಯೇ ಇತ್ತು. 110 ಜನರಲ್ಲಿ ಬಂದವರು ನಾಲ್ಕು ಮನೆಯವರು. 22 ಜನರಲ್ಲಿ ಬಂದವರು ಏಳು ಮನೆಯವರು. ಒಂದು ಮನೆಯವರನ್ನು ಸೈಟಿಗೆ ಕರೆತರಲು ಮೊದಲ ವಿಡಿಯೋಗೆ ಸುಮಾರು 4,950 ರೂಪಾಯಿ ಬಿದ್ದಿತ್ತು, ಎರಡನೆಯದಕ್ಕೆ ಸುಮಾರು 2,000. ಇಷ್ಟು ಸಣ್ಣ ಸಂಖ್ಯೆಯಿಂದ ದೊಡ್ಡ ತೀರ್ಮಾನಕ್ಕೆ ಬರಬಾರದು ನಿಜ. ಬುಕಿಂಗ್ ಎರಡೋ ಮೂರೋ ಆಗುವ ಕಡೆ ಅದನ್ನು ಎಣಿಸಿ ಏನೂ ಹೇಳಲಿಕ್ಕೆ ಬರುವುದಿಲ್ಲ. ಆದರೆ ಸೈಟಿಗೆ ಬಂದವರ ಲೆಕ್ಕ ಎರಡು ತಿಂಗಳಲ್ಲಿ ಏನೋ ಒಂದನ್ನು ಹೇಳುವಷ್ಟು ಆಗುತ್ತದೆ. ಅದಕ್ಕೇ ಈಗ ನಾನು ಯಾವ ಬಿಲ್ಡರಿಗೂ ಲೀಡಿಗೆ ಎಷ್ಟು ಬಿತ್ತು ಅಂತ ಮಾತ್ರ ರಿಪೋರ್ಟ್ ಕೊಡುವುದಿಲ್ಲ.

ಸೈಟಿಗೆ ಬಂದದ್ದನ್ನು ಫೇಸ್‌ಬುಕ್ಕಿಗೆ ವಾಪಸ್ ತಿಳಿಸಿ, ಅಂಥವರನ್ನೇ ಹುಡುಕು ಅನ್ನುವ ವ್ಯವಸ್ಥೆಯೂ ಇದೆ. ಆದರೆ ಅದಕ್ಕೂ ಒಂದು ಗಡುವಿದೆ: ನೀವು ತಿಳಿಸುವ ಹಂತ ಫಾರ್ಮ್ ತುಂಬಿದ 28 ದಿನಗಳೊಳಗೆ ನಡೆಯುವಂಥದ್ದಾಗಿರಬೇಕು. ಬುಕಿಂಗ್ ಅದರೊಳಗೆ ಬರುವುದಿಲ್ಲ. ಊರಲ್ಲಿರುವವರ ಸೈಟ್ ವಿಸಿಟ್ ಬರುತ್ತದೆ. ಗಲ್ಫ್‌ನಲ್ಲಿರುವವರದ್ದು ಅದೂ ಬರುವುದಿಲ್ಲ, ಅವರು ರಜೆಗೆ ಬರುವುದೇ ವರ್ಷಕ್ಕೊಮ್ಮೆ. ಅವರಿಗೆ ನಾವು ಬೇರೆ ಹಂತ ಇಟ್ಟುಕೊಂಡೆವು: ವಿಡಿಯೋ ಕಾಲ್‌ನಲ್ಲಿ ಪ್ಲ್ಯಾನ್ ನೋಡಿದ್ದು, ಇಲ್ಲವೇ ಊರಿನಿಂದ ಮನೆಯವರು ಯಾರಾದರೂ ಬಂದು ನೋಡಿದ್ದು.

ಎನ್‌ಆರ್ ಆದವರು ಎಲ್ಲಿದ್ದರು?

ನಮ್ಮ ಗಿರಾಕಿ ಕುವೈತ್‌ನಲ್ಲಿದ್ದರು. ಫಾರ್ಮ್‌ನಲ್ಲಿ ಹೆಸರು, ನಂಬರ್ ತಾನಾಗಿ ತುಂಬಿರುತ್ತದೆ. ಪ್ರೊಫೈಲ್‌ನಲ್ಲಿ ಇರುವ ಹಳೇ ನಂಬರ್ ಅದು. ಅವರದ್ದು ಊರಿನ ಸಿಮ್, ಊರಿನಲ್ಲೇ ಯಾವುದೋ ಡ್ರಾಯರ್‌ನಲ್ಲಿ ಇತ್ತು. ಮಂಗಳೂರು ಉಡುಪಿಯ ಬಿಲ್ಡರ್‌ಗಳು ಇದೊಂದು ಕಾರಣಕ್ಕೇ ಎಷ್ಟೋ ಗಿರಾಕಿಗಳನ್ನು ಕಳೆದುಕೊಳ್ಳುತ್ತಾರೆ ಅಂತ ನನ್ನ ನಂಬಿಕೆ. ನಮ್ಮಲ್ಲಿ ಫ್ಲ್ಯಾಟ್ ಕೇಳುವವರಲ್ಲಿ ಹೊರದೇಶದಲ್ಲಿ ದುಡಿಯುವವರು ತುಂಬಾ ಜನ ಅಲ್ವಾ.

ಇದಕ್ಕೆ ಮದ್ದು ಸುಲಭದ್ದು. ಫಾರ್ಮ್ ಮಾಡುವಾಗ `Higher intent` ಅಂತ ಒಂದು ಆಯ್ಕೆ ಇದೆ. ಅದನ್ನು ಹಾಕಿದರೆ ಕಳಿಸುವ ಮೊದಲು ತುಂಬಿದ್ದನ್ನು ಇನ್ನೊಮ್ಮೆ ನೋಡಿ ಒಪ್ಪಬೇಕಾಗುತ್ತದೆ. ಲೀಡ್ ಕಡಿಮೆಯಾಗುತ್ತದೆ, ರೇಟ್ ಏರುತ್ತದೆ, ಆದರೂ ಹಾಕಿ. ಜೊತೆಗೆ "ನಿಮ್ಮ ವಾಟ್ಸಾಪ್ ನಂಬರ್, ದೇಶದ ಕೋಡ್ ಸಮೇತ" ಅಂತ ಬೇರೆಯೇ ಒಂದು ಪ್ರಶ್ನೆ ಇಡಿ. ಇದು ಯಾರೂ ತುಂಬಿಕೊಡದ ಖಾಲಿ ಜಾಗ, ಗಿರಾಕಿಯೇ ಟೈಪ್ ಮಾಡಬೇಕು.

ನಮ್ಮ ಕುವೈತ್‌ನವರು ಎನ್‌ಆರ್ ಆಗಿ ಉಳಿಯದೇ ಇದ್ದದ್ದು ಅವರದೇ ಆಸಕ್ತಿಯಿಂದ. ಎರಡನೇ ವಾರ ಅದೇ ಬಾತ್‌ರೂಮ್ ವಿಡಿಯೋದ ಕೆಳಗೆ "ಕಾರ್ಪೆಟ್ ಏರಿಯಾ ಎಷ್ಟು?" ಅಂತ ಕಾಮೆಂಟ್ ಹಾಕಿದರು. ಉತ್ತರವನ್ನು ಅಲ್ಲೇ ಎಲ್ಲರಿಗೂ ಕಾಣುವ ಹಾಗೆ ಬರೆದೆವು. "ಡಿಎಂ ಮಾಡಿ" ಅನ್ನಲಿಲ್ಲ. ಅರ್ಧ ಗಂಟೆಗೆ ಅವರೇ ವಾಟ್ಸಾಪ್‌ಗೆ ಬಂದರು.

ಫೋನ್ ಮಾಡುವ ಹೊತ್ತನ್ನೂ ನೋಡಬೇಕು. ಕುವೈತ್ ನಮಗಿಂತ ಎರಡೂವರೆ ಗಂಟೆ ಹಿಂದೆ ಇದೆ. ನಾವು ಹನ್ನೊಂದಕ್ಕೆ ಮಾಡಿದರೆ ಅಲ್ಲಿ ಎಂಟೂವರೆ, ಕೆಲಸಕ್ಕೆ ಹೋಗುವ ಗಡಿಬಿಡಿ. ಅಲ್ಲಿ ರಜೆ ಶುಕ್ರವಾರ, ಶನಿವಾರ. ನಮ್ಮ ಭಾನುವಾರ ಅವರಿಗೆ ವಾರದ ಮೊದಲ ಕೆಲಸದ ದಿನ. ದುಬೈಯವರಿಗೆ ಮತ್ತೆ ಬೇರೆ: 2022ರಿಂದ ಯುಎಇಯಲ್ಲಿ ಶನಿವಾರ, ಭಾನುವಾರ ರಜೆ. ನಾವು ಕುವೈತ್‌ನವರೊಂದಿಗೆ ಮಾತಾಡಿದ್ದೆಲ್ಲ ಶುಕ್ರವಾರ ಸಂಜೆ.

ಮನೆಯವರ ಅನುಮಾನಗಳು ಸಾಲಾಗಿ ಬಂದ ಬಗೆ

ವಾಟ್ಸಾಪ್‌ಗೆ ಬಂದ ಮೇಲೆ ಸಾಮಾನ್ಯವಾಗಿ ಏನು ಮಾಡುತ್ತಾರೆ? ಒಂದೇ ಏಟಿಗೆ ಬ್ರೋಷರ್, ಪ್ಲ್ಯಾನ್, ರೇಟ್ ಪಟ್ಟಿ, ಹದಿನೈದು ಫೋಟೋ, ಲೊಕೇಶನ್ ಎಲ್ಲ ಕಳಿಸುತ್ತಾರೆ. ಮರುದಿನದಿಂದ "ಸರ್, ನೋಡಿದಿರಾ?" ಶುರು. ಕಳಿಸಲಿಕ್ಕೆ ಇನ್ನೇನೂ ಉಳಿದಿರುವುದಿಲ್ಲ, ಹಾಗಾಗಿ ಉಳಿದ ಹತ್ತು ವಾರ ಅದೇ ಪ್ರಶ್ನೆ. ನಾಲ್ಕನೇ ಸಲಕ್ಕೆ ಬ್ಲಾಕ್.

ಮನೆ ಕೊಳ್ಳುವವರ ತಲೆಯಲ್ಲಿ ಎಲ್ಲ ಅನುಮಾನ ಒಟ್ಟಿಗೆ ಬರುವುದಿಲ್ಲ. ಒಂದು ತೀರಿದ ಮೇಲೆ ಇನ್ನೊಂದು ಏಳುತ್ತದೆ, ಅದೂ ಮನೆಯ ಬೇರೆ ಬೇರೆಯವರ ತಲೆಯಲ್ಲಿ. ಆ ವಾರದ ಅನುಮಾನಕ್ಕೆ ಆ ವಾರವೇ ಉತ್ತರ ಕೊಡುವುದು, ಮುಂದಿನದು ಏಳುವವರೆಗೆ ಕಾಯುವುದು. ಇಷ್ಟು ವಾರಗಳಲ್ಲಿ ನಾವು ಮಾಡಿದ್ದು ಇದನ್ನೇ. ಮೆಸೇಜ್ ಕಳಿಸಿದ್ದು ಒಟ್ಟು ಹದಿನಾಲ್ಕೋ ಹದಿನೈದೋ ಸಲ.

ಮೊದಲು ಕೇಳಿದ್ದು ಕಾಗದ ಪತ್ರ. ರೇರಾ ನಂಬರ್ ಏನು, ಜಾಗದ ಕನ್ವರ್ಶನ್ ಆಗಿದೆಯಾ, ಖಾತಾ ಯಾರ ಹೆಸರಲ್ಲಿ. ರೇರಾ ಅಂದರೆ ಇಂಥ ಕಟ್ಟಡಗಳ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರ. ರೇರಾ ನಂಬರಿನ ಜೊತೆ `rera.karnataka.gov.in` ನಲ್ಲಿ ಅದನ್ನು ಎಲ್ಲಿ ಹಾಕಿ ಹುಡುಕಬೇಕು ಅಂತ ಫೋನಿನ ಸ್ಕ್ರೀನ್ ರೆಕಾರ್ಡ್ ಮಾಡಿ ಕಳಿಸಿದೆವು. ರೇರಾ ಕಾನೂನಿನ ಪ್ರಕಾರ ನೋಂದಣಿ ಇಲ್ಲದೆ ಜಾಹೀರಾತು ಕೊಡುವಂತೆಯೇ ಇಲ್ಲ. ಕೊಟ್ಟ ಜಾಹೀರಾತಿನಲ್ಲಿ ಆ ನಂಬರ್ ಮತ್ತು ವೆಬ್‌ಸೈಟ್ ಇರಲೇಬೇಕು. ರೀಲ್ಸ್, ವಾಟ್ಸಾಪ್ ಪೋಸ್ಟರ್ ಕೂಡ ಜಾಹೀರಾತೇ. "ಶೀಘ್ರದಲ್ಲೇ ಬರಲಿದೆ, ಈಗಲೇ ಹೆಸರು ಕೊಡಿ" ಅಂತ ನೋಂದಣಿಗೆ ಮೊದಲೇ ಹಾಕುವವರು ಈಗಲೂ ಇದ್ದಾರೆ. ಅಂಥ ಕೆಲಸ ನಾನು ತೆಗೆದುಕೊಳ್ಳುವುದಿಲ್ಲ. ಜಾಹೀರಾತಿನಲ್ಲಿ ಸುಳ್ಳು ಹೇಳಿ, ಅದನ್ನು ನಂಬಿ ಗಿರಾಕಿ ದುಡ್ಡು ಕೊಟ್ಟು ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು ಅಂತ ಅದೇ ಕಾನೂನಿನ 12ನೇ ಕಲಂ ಹೇಳುತ್ತದೆ. ತಿಂಗಳುಗಟ್ಟಲೆ ವಾಟ್ಸಾಪ್‌ನಲ್ಲಿ ನಾವು ಬರೆದದ್ದೆಲ್ಲ ಗಿರಾಕಿಯ ಫೋನಿನಲ್ಲಿ ಇರುತ್ತದೆ ಅನ್ನುವುದನ್ನು ಆಫೀಸಿನ ಹುಡುಗಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದೆ.

ನಾಲ್ಕನೇ ವಾರದಲ್ಲಿ ದುಡ್ಡಿನ ಮಾತು ಬಂತು. ಇಲ್ಲಿ ಬಿಲ್ಡರಿಗೂ ನನಗೂ ಸ್ವಲ್ಪ ವಾದವಾಯಿತು. ಪೋಸ್ಟರಿನಲ್ಲಿ ಇದ್ದದ್ದು 68 ಲಕ್ಷ ಮತ್ತು ಇಎಂಐ. ಆದರೆ ಕೈಯಲ್ಲಿ ಎಷ್ಟು ದುಡ್ಡು ಇರಬೇಕು ಅನ್ನುವುದೇ ಗಿರಾಕಿಯ ನಿಜವಾದ ಪ್ರಶ್ನೆ. ಅದನ್ನು ಯಾರೂ ಬರೆದು ಕೊಡುವುದಿಲ್ಲ. ನಾನು ಬರೆದು ಕೊಡೋಣ ಅಂದೆ. ಈಗಿನ ದರದಲ್ಲಿ ಲೆಕ್ಕ ಹೀಗೆ ಬರುತ್ತದೆ. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ನಿಯಮದಂತೆ ಮನೆಯ ಬೆಲೆಯ 80% ವರೆಗೆ ಮಾತ್ರ ಸಾಲ ಸಿಗುತ್ತದೆ. ಅಂದರೆ 54.4 ಲಕ್ಷ. ಉಳಿದ 13.6 ಲಕ್ಷ ಕೈಯಿಂದ. ಇನ್ನೂ ಕಟ್ಟುತ್ತಿರುವ ಮನೆಯಾದ್ದರಿಂದ 5% ಜಿಎಸ್‌ಟಿ, 3.4 ಲಕ್ಷ. ನೋಂದಣಿ ಹೊತ್ತಿಗೆ ಸ್ಟ್ಯಾಂಪ್, ಅದರ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ 5.6%, ಮತ್ತೆ ನೋಂದಣಿ ಶುಲ್ಕ 2%. ಈ ಶುಲ್ಕ 2025ರ ಆಗಸ್ಟ್ 31ರಿಂದ 1ರಿಂದ 2ಕ್ಕೆ ಏರಿತು. ಇವೆರಡೂ ಸೇರಿ ಸುಮಾರು 5.17 ಲಕ್ಷ. ಎಲ್ಲ ಕೂಡಿಸಿದರೆ ಕೈಯಿಂದ ಹಾಕಬೇಕಾದದ್ದು 22 ಲಕ್ಷದ ಮೇಲೆ. ಸಾಲಕ್ಕೆ 8% ಬಡ್ಡಿ, 20 ವರ್ಷ ಅಂತ ಹಿಡಿದರೆ ಕಂತು ತಿಂಗಳಿಗೆ ಸುಮಾರು 45,500.

"ಇದನ್ನು ನೋಡಿದರೆ ಓಡಿ ಹೋಗ್ತಾರೆ" ಅಂದರು ಬಿಲ್ಡರ್. ಕೆಲವರು ಓಡಿಯೂ ಹೋದರು. ಆ ವಾರ ಈ ಲೆಕ್ಕ ಕಳಿಸಿದ ಒಂಬತ್ತು ಜನರಲ್ಲಿ ನಾಲ್ಕು ಜನ ಉತ್ತರವೇ ಕೊಡಲಿಲ್ಲ. ಅವರ ಬಳಿ 22 ಲಕ್ಷ ಇರಲಿಲ್ಲ, ಅವರು ಈ ಮನೆ ಕೊಳ್ಳುವವರಾಗಿರಲಿಲ್ಲ. ಅವರನ್ನು ಮೂರು ತಿಂಗಳು ಕಾಡಿ ಕೊನೆಗೆ ಬ್ಯಾಂಕಿನ ಮುಂದೆ ಅವಮಾನವಾಗುವ ಹಾಗೆ ಮಾಡುವುದಕ್ಕಿಂತ ಇದು ಒಳ್ಳೆಯದು ಅಂತ ನಾನು ಈಗಲೂ ಹೇಳುತ್ತೇನೆ. ಕುವೈತ್‌ನವರು ಆ ಹಾಳೆಯನ್ನು ಅಣ್ಣ, ಭಾವ ಎಲ್ಲ ಇರುವ ಗ್ರೂಪಿಗೆ ಹಾಕಿದರಂತೆ. ನಾವು ಕಳಿಸಿದ ಎಲ್ಲದರಲ್ಲಿ ಜಾಸ್ತಿ ಓಡಾಡಿದ್ದು ಅದೊಂದೇ ಹಾಳೆ. ಆಮೇಲಿನ ಪ್ರಶ್ನೆಗಳೆಲ್ಲ ಆ ಗ್ರೂಪಿನಿಂದ ಬಂದಂಥವು.

ಇಲ್ಲಿ ಒಂದು ಮಾತು. ನಾವು ಕಳಿಸುವ ಕಾಗದವನ್ನು ನಾವಿಲ್ಲದ ಜಾಗದಲ್ಲಿ, ನಮ್ಮನ್ನು ನೋಡದವರು ಓದುತ್ತಾರೆ. ಅದಕ್ಕೇ ಬ್ರೋಷರ್ ಆಗಬಾರದು. ಒಂದು ಪುಟ, ಒಂದು ಪ್ರಶ್ನೆ, ಕೆಳಗೆ ತಾರೀಖು ಮತ್ತು ರೇರಾ ನಂಬರ್. ಎರಡು ತಿಂಗಳ ಹಿಂದಿನ ರೇಟ್ ಗ್ರೂಪಿನಲ್ಲಿ ಓಡಾಡುತ್ತಿದ್ದರೆ ತಾರೀಖು ನೋಡಿ ಅವರಿಗೇ ಗೊತ್ತಾಗುತ್ತದೆ.

ಐದನೇ ವಾರ ಅವರ ಅಮ್ಮ ಮತ್ತು ಸೋದರಮಾವ ಕಿನ್ನಿಗೋಳಿಯಿಂದ ಬಂದರು. ಜೋರು ಮಳೆ. ಆಫೀಸಿನ ಹುಡುಗಿ ಮಾದರಿ ಫ್ಲ್ಯಾಟ್ ತೋರಿಸಲು ಹೊರಟರೆ ಅಮ್ಮ ಲಿಫ್ಟ್ ಹತ್ತಲೇ ಇಲ್ಲ. ಕೊಡೆ ಮಡಚುತ್ತಾ ಕೇಳಿದ್ದು, "ಗುವೆಲ್ ಉಂಡಾ?" ಬಾವಿ ಇದೆಯಾ ಅಂತ. ತುಂಬೆ ಅಣೆಕಟ್ಟಿನಿಂದ ಬರುವ ನಳ್ಳಿ ನೀರಿನ ಮೇಲೆ ಮಾತ್ರ ನಂಬಿಕೆ ಇಡುವವರು ನಮ್ಮಲ್ಲಿ ಕಡಿಮೆ. ಎಪ್ರಿಲ್, ಮೇಯಲ್ಲಿ ನೇತ್ರಾವತಿ ಇಳಿದಾಗ ಏನಾಗುತ್ತದೆ ಅಂತ ಎಲ್ಲರೂ ನೋಡಿದ್ದಾರೆ. ಹಿಂದುಗಡೆ ಬಾವಿ ಇತ್ತು, ತೋರಿಸಿದರು. ಅಮ್ಮ ಬಗ್ಗಿ ನೋಡಿ, ಬೇಸಗೆಯಲ್ಲಿ ಎಷ್ಟು ಕೆಳಗೆ ಹೋಗುತ್ತದೆ ಅಂತ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಮಾವ ಒಳಗೆ ಹೋಗಿ ಬಾತ್‌ರೂಮಿನ ಹಿಂದಿನ ಗೋಡೆಗೆ ಅಂಗೈ ಒತ್ತಿ ನಿಂತಿದ್ದರು. ತೆಗೆದು ಅಂಗೈ ನೋಡಿಕೊಂಡರು. ಮತ್ತೆ ಒಂದಡಿ ಆಚೆ ಒತ್ತಿದರು.

ನಮ್ಮ ಜಾಹೀರಾತಿನಲ್ಲಿ ಜಿಮ್, ಪಾರ್ಟಿ ಹಾಲ್ ಎಲ್ಲ ಇತ್ತು. ಬಾವಿಯ ಚಿತ್ರ ಒಂದೂ ಇರಲಿಲ್ಲ. ಆ ಸಂಜೆಯೇ ವಾಚ್‌ಮನ್ ಹತ್ತಿರ ಕೇಳಿ, ಹೋದ ಮೇ ತಿಂಗಳಲ್ಲಿ ನೀರು ಎಷ್ಟನೇ ರಿಂಗಿನವರೆಗೆ ಇಳಿದಿತ್ತು ಅಂತ ತಿಳಿದುಕೊಂಡು, ಬಾವಿಯ ವಿಡಿಯೋ ಮಾಡಿದೆವು. ಇಂಜಿನಿಯರ್ ತುಳುವಿನಲ್ಲೇ ಒಂದು ವಾಯ್ಸ್ ಮೆಸೇಜ್ ಮಾಡಿದರು. ಅದನ್ನು ಮಗನಿಗೆ ಕಳಿಸಿದೆವು, ಮಗ ಅಮ್ಮನಿಗೆ ಕಳಿಸಿದರು. ಅಮ್ಮನ ನಂಬರ್ ನಮ್ಮ ಹತ್ತಿರ ಇತ್ತು, ರಿಜಿಸ್ಟರಿನಲ್ಲಿ ಬರೆದಿದ್ದರು. ಆದರೂ ನಾವು ನೇರ ಕಳಿಸಲಿಲ್ಲ. ಬಾಗಿಲಲ್ಲಿ ಬರೆದ ನಂಬರ್ ಮೆಸೇಜ್ ಕಳಿಸಲು ಕೊಟ್ಟ ಒಪ್ಪಿಗೆ ಆಗುವುದಿಲ್ಲ.

ಮೆಸೇಜ್ ತಲುಪದೇ ಹೋಗುವುದು

ವಾಟ್ಸಾಪ್‌ನ ಎರಡು ಮಿತಿ ಗೊತ್ತಿರಬೇಕು. ಸಾಮಾನ್ಯ ಬಿಸಿನೆಸ್ ಆಪ್‌ನಲ್ಲಿ ಬ್ರಾಡ್‌ಕಾಸ್ಟ್ ಮಾಡಿದರೆ, ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಇನ್ನೂರು ಜನರಿಗೆ ಕಳಿಸಿದೆವು ಅಂದುಕೊಂಡವರು ನಿಜದಲ್ಲಿ ಕಳಿಸಿದ್ದು ಮೂವತ್ತು ಜನರಿಗೆ ಇರಬಹುದು. ಮೊದಲ ದಿನವೇ "ನಂಬರ್ ಸೇವ್ ಮಾಡಿಕೊಳ್ಳಿ" ಅಂತ ಕೇಳಬೇಕು, ಕಾಂಟ್ಯಾಕ್ಟ್ ಕಾರ್ಡ್ ಕಳಿಸಬೇಕು. ದೊಡ್ಡ ಕಂಪನಿಗಳು ಬಳಸುವ ಎಪಿಐ ವ್ಯವಸ್ಥೆಯಲ್ಲಿ ಇನ್ನೊಂದು ಗಡುವು: ಗಿರಾಕಿ ಮೆಸೇಜ್ ಮಾಡಿದ 24 ಗಂಟೆಯೊಳಗೆ ನೀವು ಏನು ಬೇಕಾದರೂ ಬರೆಯಬಹುದು. ಅದಾದ ಮೇಲೆ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್ ಮೆಸೇಜ್ ಮಾತ್ರ. ಹಾಗಾಗಿ ಕುವೈತ್‌ನವರು ಶನಿವಾರ ರಾತ್ರಿ ಕೇಳಿದ್ದಕ್ಕೆ ಸೋಮವಾರ ಬೆಳಿಗ್ಗೆ ಉತ್ತರ ಕೊಡಲು ಕೂತರೆ ಬಾಗಿಲು ಹಾಕಿರುತ್ತದೆ.

ಇನ್ನೊಂದು, ಫೇಸ್‌ಬುಕ್‌ನಲ್ಲಿ ತುಂಬಿದ ಫಾರ್ಮ್‌ಗಳು 90 ದಿನಗಳವರೆಗೆ ಮಾತ್ರ ಡೌನ್‌ಲೋಡ್ ಮಾಡಲು ಸಿಗುತ್ತವೆ. ಹನ್ನೊಂದು ವಾರ ಅಂದರೆ 77 ದಿನ. ಇನ್ನು ಎರಡು ವಾರ ತಡವಾಗಿದ್ದರೆ, ಶೀಟಿನಲ್ಲಿ ಇಳಿಸಿಕೊಳ್ಳದ ಬಿಲ್ಡರಿಗೆ ಈ ಗಿರಾಕಿ ಯಾವ ಜಾಹೀರಾತಿನಿಂದ ಬಂದರು ಅಂತಲೇ ಗೊತ್ತಾಗುತ್ತಿರಲಿಲ್ಲ.

ಫಾರ್ಮ್ ತುಂಬಿದವರಿಗೆ, ವಿಡಿಯೋ ನೋಡಿದವರಿಗೆ ಮತ್ತೆ ಮತ್ತೆ ಜಾಹೀರಾತು ತೋರಿಸುವುದೂ ಇದೆ. ಬೆಂಗಳೂರಿನಲ್ಲಿ ಅದು ನಡೆದೀತು. ನಮ್ಮ ಊರಿನಲ್ಲಿ ಆ ಗುಂಪು ಒಂದೆರಡು ಸಾವಿರ ಜನರದ್ದು ಇರುತ್ತದೆ. ದಿನಕ್ಕೆ ಐನೂರು ರೂಪಾಯಿ ಹಾಕಿದರೂ ಒಬ್ಬರಿಗೇ ದಿನಾ ಅದೇ ಮುಖ ಕಾಣುತ್ತದೆ. ರಿಪೋರ್ಟಿನಲ್ಲಿ `Frequency` ಅಂತ ಒಂದು ಕಾಲಂ ಇದೆ, ಒಬ್ಬರಿಗೆ ಸರಾಸರಿ ಎಷ್ಟು ಸಲ ಕಂಡಿತು ಅಂತ. ಏಳು ದಿನದ ಲೆಕ್ಕದಲ್ಲಿ ಅದು ಮೂರು ದಾಟಿದರೆ ನಾನು ವಿಡಿಯೋ ಬದಲಿಸುತ್ತೇನೆ. ಇದು ನನ್ನ ಅಳತೆ, ನಿಯಮವೇನಲ್ಲ.

ಆಟಿಯಲ್ಲಿ ಏನು ಮಾಡುವುದು?

ಜುಲೈ ಮಧ್ಯದಲ್ಲಿ ಆಟಿ ಶುರುವಾಯಿತು, ತುಳುವರು ಶುಭ ಕೆಲಸಕ್ಕೆ ಕೈ ಹಾಕದ ತಿಂಗಳು. ಮಾತು ನಿಂತಿತು. ಮನೆ ನೋಡಿ ಆಗಿದೆ, ಲೆಕ್ಕ ಆಗಿದೆ, ಆದರೆ ಆಟಿಯಲ್ಲಿ ಅಡ್ವಾನ್ಸ್ ಕೊಡುವುದಿಲ್ಲ ಅಂತ ಅಮ್ಮ ಹೇಳಿದರಂತೆ. ಬೆಂಗಳೂರಿನ ಏಜೆನ್ಸಿಯ ಶೀಟಿನಲ್ಲಿ ಇಂಥವರು ‘ಕೋಲ್ಡ್’ ಆಗಿಬಿಡುತ್ತಾರೆ. ನಾಲ್ಕು ವಾರ ಉತ್ತರ ಇಲ್ಲದವರನ್ನು ತಾನಾಗಿ ತೆಗೆದುಹಾಕುವ ಸಾಫ್ಟ್‌ವೇರ್‌ಗಳೂ ಇವೆ. ತುಳುನಾಡಿನಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಆ ಲೆಕ್ಕವನ್ನೇ ನಿಲ್ಲಿಸಿಡಬೇಕು.

ಹಿಂದೊಮ್ಮೆ ಬೇರೊಬ್ಬ ಬಿಲ್ಡರಿಗೆ ನಾನೇ ‘ಆಟಿ ಆಫರ್’ ಅಂತ ಮಾಡಿದ್ದೆ. ವಾರಕ್ಕೆರಡು ಮೆಸೇಜ್, "ಇನ್ನು ಐದೇ ದಿನ". ಬ್ಲಾಕ್ ಮಾಡಿದವರು ಎಷ್ಟು ಜಾಸ್ತಿಯಾದರು ಅಂದರೆ ವಾಟ್ಸಾಪ್‌ನಲ್ಲಿ ಆ ನಂಬರಿನ ಗುಣಮಟ್ಟದ ಗುರುತು ಹಸಿರಿನಿಂದ ಹಳದಿಗೆ ಇಳಿಯಿತು. ಆಟಿ ಕಳೆದು ಸೋಣ ತಿಂಗಳು ಬಂದು, ನಿಜವಾಗಿ ಕೊಳ್ಳುವ ಹೊತ್ತಿಗೆ, ಅವರಲ್ಲಿ ಎಷ್ಟೋ ಜನರನ್ನು ತಲುಪಲು ದಾರಿಯೇ ಇರಲಿಲ್ಲ.

ಈ ಸಲ ಆಟಿಯಲ್ಲಿ ಕಳಿಸಿದ್ದು ಎರಡೇ. ಒಂದು, ಸತತ ಮಳೆಯ ಮೂರನೇ ದಿನ ತಾರಸಿಯ ಮೇಲೆ ಮತ್ತು ಅದರ ಕೆಳಗಿನ ಸೀಲಿಂಗಿನಲ್ಲಿ ತೆಗೆದ ವಿಡಿಯೋ, ತಾರೀಖು ಹೇಳಿ, ಕಟ್ ಮಾಡದೆ. ಪೂರ್ವದ ಮೂಲೆಯಲ್ಲಿ ಅಂಗೈಯಷ್ಟು ಒದ್ದೆ ಕಲೆ ಇತ್ತು. ಅದನ್ನೂ ತೋರಿಸಿ, ಪೈಪಿನ ಸುತ್ತ ಸೀಲ್ ಆಗಿಲ್ಲ, ಮಾಡುತ್ತೇವೆ ಅಂತ ಇಂಜಿನಿಯರ್ ಹೇಳಿದರು. ಎರಡನೆಯದು, ಹತ್ತು ದಿನ ಬಿಟ್ಟು, ಅದೇ ಮೂಲೆ ಒಣಗಿದ ವಿಡಿಯೋ. ಎರಡಕ್ಕೂ ಕುವೈತ್‌ನಿಂದ ಉತ್ತರ ಬರಲಿಲ್ಲ. ನೀಲಿ ಟಿಕ್ ಮಾತ್ರ ಬಂತು. ಉತ್ತರ ಬಾರದಿದ್ದರೂ ನೀಲಿ ಟಿಕ್ ಬರುತ್ತಿರುವವರು ಇನ್ನೂ ಇದ್ದಾರೆ ಅಂತ ಅರ್ಥ. ಟಿಕ್ ಒಂದೇ ಆಗಿ ದಿನಗಟ್ಟಲೆ ನಿಂತರೆ ಬ್ಲಾಕ್ ಆಗಿದ್ದೇವೋ ಅಂತ ಅನುಮಾನ ಪಡಬೇಕು.

ಕಾರಿನ ಕಡೆಯೂ ಆಟಿ ಇದೆ, ಬುಕ್ ಮಾಡಿದವರೂ ಡೆಲಿವರಿ ಬೇಡ ಅನ್ನುತ್ತಾರೆ. 2025ರಲ್ಲಿ ಇನ್ನೊಂದು ಸೇರಿಕೊಂಡಿತು. ಆಟಿ ಮುಗಿಯುವ ಹೊತ್ತಿಗೆ ಸರಿಯಾಗಿ, ಆಗಸ್ಟ್ 15ಕ್ಕೆ, ಜಿಎಸ್‌ಟಿ ಇಳಿಸುವ ಮಾತನ್ನು ಪ್ರಧಾನಿ ಹೇಳಿದರು. ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18%ಕ್ಕೆ ಇಳಿದದ್ದು ಸೆಪ್ಟೆಂಬರ್ 22ಕ್ಕೆ. ಆ ಐದು ವಾರ ಯಾರೂ ಕಾರ್ ತೆಗೆಯಲು ಮುಂದೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಅಂಥ ಹೊತ್ತಿನಲ್ಲಿ "ಈಗಲೇ ತಗೊಳ್ಳಿ" ಅಂದವನನ್ನು ಗಿರಾಕಿ ಮರೆಯುವುದಿಲ್ಲ. "22ರವರೆಗೆ ಕಾಯಿರಿ, ಬಣ್ಣ ಮಾತ್ರ ಈಗಲೇ ಹೇಳಿಡಿ" ಅಂದವನನ್ನೂ ಮರೆಯುವುದಿಲ್ಲ. ಉಳಿದಂತೆ ಕಾರಿನ ಗಿರಾಕಿಗೆ ವಾರಗಳು ಕಡಿಮೆ. ಮೈಲೇಜ್, ಫೀಚರ್ ಎಲ್ಲ ನೋಡಿಕೊಂಡೇ ಬಂದಿರುತ್ತಾರೆ, ಹಳೇ ಕಾರಿಗೆ ಎಷ್ಟು ಕೊಡುತ್ತೀರಿ ಅನ್ನುವುದರಲ್ಲೇ ಮಾತು ನಿಂತಿರುತ್ತದೆ.

ಹನ್ನೊಂದನೇ ವಾರ

ಸೋಣ ಹುಟ್ಟಿದ ಮೂರನೇ ದಿನ ಕುವೈತ್‌ನಿಂದ ಮೆಸೇಜ್ ಬಂತು. ಮನೆಯ ಬಗ್ಗೆ ಒಂದೂ ಪ್ರಶ್ನೆ ಇರಲಿಲ್ಲ. ಪವರ್ ಆಫ್ ಅಟಾರ್ನಿ ಯಾರಿಗೆ ಕೊಡುವುದು, ಹೇಗೆ ಅಂತ ಕೇಳಿದ್ದರು. ಗಿರಾಕಿ ಮನಸ್ಸು ಮಾಡಿದ್ದಾರೆ ಅಂತ ಗೊತ್ತಾಗುವುದು ಇಂಥ ಪ್ರಶ್ನೆಯಿಂದ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಬೇಕು, ಅದು ಊರಿಗೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಸ್ಟ್ಯಾಂಪ್ ಮಾಡಿಸಬೇಕು ಅಂತ ವಕೀಲರಿಂದ ಬರೆಸಿ ಕಳಿಸಿದೆವು. ಪವರ್ ಮಾವನ ಹೆಸರಿಗೆ ಬಂತು, ಗೋಡೆಗೆ ಅಂಗೈ ಒತ್ತಿದವರಿಗೆ.

ಬಿಲ್ಡರ್ ಖುಷಿಯಲ್ಲಿ ಹತ್ತು ಲಕ್ಷ ಅಡ್ವಾನ್ಸ್ ಕೇಳೋಣ ಅಂದರು. ಅದು ಆಗುವುದಿಲ್ಲ. ಮಾರಾಟದ ಕರಾರು ನೋಂದಣಿಯಾಗುವ ಮೊದಲು ಬೆಲೆಯ 10% ಗಿಂತ ಹೆಚ್ಚು ತೆಗೆದುಕೊಳ್ಳಬಾರದು ಅಂತ ರೇರಾದ 13ನೇ ಕಲಂ ಇದೆ. ಈ ಮನೆಗೆ 6.8 ಲಕ್ಷ. ಅವರು ಕೊಟ್ಟದ್ದು ಐದು.

ಆ ವಾರದ ಜಾಹೀರಾತಿನ ರಿಪೋರ್ಟಿನಲ್ಲಿ ಬುಕಿಂಗ್ ಸೊನ್ನೆ ಅಂತಲೇ ಇತ್ತು. ಬಿಲ್ಡರ್ ಎದುರು ಕೂತು, ಶೀಟಿನಲ್ಲಿ ಜೂನ್‌ನ ಆ ಸಾಲನ್ನು ತೆಗೆದು, ಯಾವ ವಿಡಿಯೋದಿಂದ ಬಂದವರು ಅಂತ ತೋರಿಸಿದೆ. ಬಾತ್‌ರೂಮ್ ವಿಡಿಯೋ ಮತ್ತೆ ಶುರುವಾಯಿತು. ಆಫೀಸಿನ ಹುಡುಗಿ ಶೀಟಿನಲ್ಲಿ ಹೊಸದಾಗಿ ಎರಡು ಕಾಲಂ ಸೇರಿಸಿಕೊಂಡಳು: ‘ಈ ವಾರದ ಅನುಮಾನ’, ‘ಕೇಳಿದವರು ಯಾರು’. ಎನ್‌ಆರ್ ಅಂತ ಬರೆಯುವ ಮೊದಲು ವಾಟ್ಸಾಪ್ ನಂಬರ್ ಬೇರೆ ಇದೆಯಾ ಅಂತ ಈಗ ನೋಡುತ್ತಾಳೆ.

ಕಟ್ಟಡ ಮುಗಿಯಲು ಇನ್ನೂ ಒಂದೂವರೆ ವರ್ಷ ಇದೆ. ಕೆಲಸ ಎಲ್ಲಿಗೆ ಬಂತು ಅಂತ ಬಿಲ್ಡರ್ ಮೂರು ತಿಂಗಳಿಗೊಮ್ಮೆ ರೇರಾ ವೆಬ್‌ಸೈಟಿನಲ್ಲಿ ಹಾಕಬೇಕು. ಹಾಕಿದ ದಿನ ಆ ಪುಟದ ಲಿಂಕನ್ನು ಕುವೈತ್‌ಗೆ ಕಳಿಸುತ್ತೇವೆ. ಬೇಸಗೆಯಲ್ಲಿ ಬಾವಿಯ ವಿಡಿಯೋ ಕಳಿಸಬೇಕು ಅಂತ ಅಮ್ಮ ಈಗಲೇ ಹೇಳಿಟ್ಟಿದ್ದಾರೆ.